ಕಾರ್ಯಕ್ರಮ ಪಟ್ಟಿಯ ಫೋಟೊ ನೋಡಿ ಬರೆದ ಸ್ವಾಗತ ಭಾಷಣ ಎಲ್ಲಿ ಕೆಡುತ್ತದೆ: ದೋಷ ನಿವಾರಣೆ ಕೈಪಿಡಿ

ಡಿಸೆಂಬರ್ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಹಳ್ಳಿ ಶಾಲೆಗಳಲ್ಲಿ ವಾರ್ಷಿಕೋತ್ಸವ ಶುರು. ಫೆಬ್ರವರಿ ಮುಗಿಯುವವರೆಗೂ ನಡೆಯುತ್ತಲೇ ಇರುತ್ತದೆ. ಶಾಲೆಯ ವಾಟ್ಸಾಪ್ ಗುಂಪಿಗೆ ಯಾರೋ ಕಾರ್ಯಕ್ರಮ ಪಟ್ಟಿಯ ಫೋಟೊ ಅಪ್‌ಲೋಡ್ ಮಾಡುತ್ತಾರೆ. ಕೆಳಗೆ ಒಂದೇ ಸಾಲು: "ಸ್ವಾಗತ ನೀವೇ ಮಾಡ್ಬೇಕು ಮೇಡಂ." ಮಾರನೇ ದಿನವೇ ಕಾರ್ಯಕ್ರಮ. ಆ ಫೋಟೊ ಬಿಟ್ಟರೆ ನಿಮ್ಮ ಕೈಯಲ್ಲಿ ಬೇರೇನೂ ಇರುವುದಿಲ್ಲ.

ವೇದಿಕೆ ಮೇಲೆ ಸ್ವಾಗತ ಭಾಷಣ ಕೆಟ್ಟರೆ ಜನ ಭಾಷಣ ಮಾಡಿದವರನ್ನು ದೂರುತ್ತಾರೆ. ಆದರೆ ದೋಷ ಹೆಚ್ಚಿನ ಸಲ ಆ ಫೋಟೊದಲ್ಲೇ ಇರುತ್ತದೆ. ಅದು ಮಸುಕಾಗಿರಬಹುದು, ಹಳೆಯದಿರಬಹುದು, ಅಂಚು ಕತ್ತರಿಸಿ ಹೋಗಿರಬಹುದು. ಎಲ್ಲ ಸರಿಯಿದ್ದರೂ ಒಂದು ಮಾತು ಉಳಿಯುತ್ತದೆ. ಆ ಪಟ್ಟಿಯನ್ನು ಸ್ವಾಗತಕ್ಕಾಗಿ ಬರೆದಿರುವುದಿಲ್ಲ. ಯಾವ ಕೆಲಸ ಯಾವಾಗ, ಯಾರಿಂದ ಎಂದು ಹೇಳಲು ಬರೆದಿರುತ್ತಾರೆ. ಅದನ್ನು ಹಾಗೇ ಮೇಲಿಂದ ಕೆಳಕ್ಕೆ ಓದಿದರೆ ಸ್ವಾಗತ ಆಗುವುದಿಲ್ಲ.

ಮಾತು ಗಾಳಿಯಲ್ಲಿ ಹೋಗಬಾರದು ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಫೋಟೊದಲ್ಲಿ ಇರುವುದು ಇಷ್ಟು:

ದಿವ್ಯ ಸಾನ್ನಿಧ್ಯ – ಮಠದ ಸ್ವಾಮೀಜಿ
ನಾಡಗೀತೆ, ಪ್ರಾರ್ಥನೆ – ಶಾಲಾ ಮಕ್ಕಳು
ಸ್ವಾಗತ – ಸಹ ಶಿಕ್ಷಕಿ
ಪ್ರಾಸ್ತಾವಿಕ ನುಡಿ – ಮುಖ್ಯ ಶಿಕ್ಷಕರು
ಉದ್ಘಾಟನೆ – ಕ್ಷೇತ್ರ ಶಿಕ್ಷಣಾಧಿಕಾರಿಗಳು
ವಾರ್ಷಿಕ ವರದಿ – ಸಹ ಶಿಕ್ಷಕರು
ಮುಖ್ಯ ಅತಿಥಿಗಳು – ಗ್ರಾ.ಪಂ. ಅಧ್ಯಕ್ಷೆ, ಪಿಡಿಒ, ಸಿಆರ್‌ಪಿ, ಒಬ್ಬ ಹಳೆಯ ವಿದ್ಯಾರ್ಥಿ
ಬಹುಮಾನ ವಿತರಣೆ – ದಾನಿಗಳು
ಅಧ್ಯಕ್ಷತೆ – ಎಸ್‌ಡಿಎಂಸಿ ಅಧ್ಯಕ್ಷರು
ವಂದನಾರ್ಪಣೆ – ಸಹ ಶಿಕ್ಷಕರು

ಇದರಿಂದ ಭಾಷಣ ಬರೆಯುವಾಗ ಕಾಣಿಸುವ ಲಕ್ಷಣಗಳನ್ನು ಒಂದೊಂದಾಗಿ ನೋಡೋಣ. ಕೂತಲ್ಲೇ ಸರಿಮಾಡಬಹುದಾದವು ಮೊದಲು ಬರುತ್ತವೆ. ಬೇರೆಯವರನ್ನು ಕೇಳಲೇಬೇಕಾದವು ಆಮೇಲೆ.

ಲಕ್ಷಣ 1: ಹೆಸರು ಎರಡು ಥರ ಓದಬಹುದು ಅನ್ನಿಸುತ್ತದೆ

ಫೋಟೊ ದೊಡ್ಡದು ಮಾಡಿದ ಕೂಡಲೇ ಅಕ್ಷರ ಕಲಸಿಹೋದರೆ, ಅದು ನಿಮ್ಮ ಕಣ್ಣಿನ ದೋಷ ಅಲ್ಲ. ವಾಟ್ಸಾಪ್‌ನಲ್ಲಿ ಫೋಟೊವಾಗಿ ಕಳಿಸಿದ್ದನ್ನು ಅದು ಕುಗ್ಗಿಸುತ್ತದೆ. ಗುಂಪಿಂದ ಗುಂಪಿಗೆ ಹೋದ ಫೋಟೊದ ಫೋಟೊ ಆದರಂತೂ ಒತ್ತಕ್ಷರ ಪೂರ್ತಿ ಹೋಗಿರುತ್ತದೆ. ಇದಕ್ಕೆ ಕಾಸು ಖರ್ಚಿಲ್ಲದ ಪರಿಹಾರ ಇದೆ. ಮೊದಲು ಕಳಿಸಿದವರಿಗೆ ಹೇಳಿ: "ಅದನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ." ಹಾಗೆ ಕಳಿಸಿದರೆ ಕುಗ್ಗುವುದಿಲ್ಲ. ಪ್ರಿಂಟ್ ಆದ ಹಾಳೆ ಶಾಲೆಯಲ್ಲೇ ಇದ್ದರೆ ಹಗಲು ಬೆಳಕಲ್ಲಿ, ಹಾಳೆಯನ್ನು ಸಪಾಟಾಗಿ ಇಟ್ಟು, ನೇರ ಮೇಲಿಂದ ಇನ್ನೊಂದು ಫೋಟೊ ತೆಗೆಸಿ. ನಾಲ್ಕೂ ಅಂಚು ಕಾಣಬೇಕು. ಕೆಳಗಿನ ಅಂಚಿನಲ್ಲೇ "ಸರ್ವರಿಗೂ ಸ್ವಾಗತ ಕೋರುವವರು" ಎಂಬ ಸಾಲು ಇರುತ್ತದೆ. ಯಾರ ಪರವಾಗಿ ನೀವು ಸ್ವಾಗತಿಸುತ್ತಿದ್ದೀರಿ ಎನ್ನುವುದು ಅಲ್ಲಿಂದಲೇ ಗೊತ್ತಾಗಬೇಕು.

ಅಕ್ಷರ ಸ್ಪಷ್ಟ ಇದ್ದರೂ ನಮ್ಮ ಕಡೆಯ ಹೆಸರುಗಳಲ್ಲಿ ಕಣ್ಣು ತಾನೇ ಜಾರುತ್ತದೆ. ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ಹಾಲೇಶಪ್ಪ, ಕಲ್ಲೇಶಪ್ಪ, ರುದ್ರಪ್ಪ, ರುದ್ರೇಶಪ್ಪ, ಓಬಣ್ಣ, ಓಬಯ್ಯ. ಮೊದಲೆರಡು ಅಕ್ಷರ ನೋಡಿ ಉಳಿದದ್ದನ್ನು ಮನಸ್ಸು ತುಂಬಿಬಿಡುತ್ತದೆ. ಪರೀಕ್ಷೆ ಸುಲಭ. ನೀವು ಬರೆದುಕೊಂಡ ಹೆಸರನ್ನು ಇನ್ನೊಬ್ಬರು ಜೋರಾಗಿ ಓದಲಿ, ನೀವು ಫೋಟೊ ನೋಡಿ. ಒಬ್ಬರೇ ಎರಡೂ ನೋಡಿದರೆ ತಪ್ಪು ಸಿಗುವುದಿಲ್ಲ.

ಇನಿಷಿಯಲ್ ಇನ್ನೂ ಕಷ್ಟ. ಟಿ, ಡಿ, ಬಿ, ಜಿ ಇವೆಲ್ಲ ಮಸುಕಿನಲ್ಲಿ ಒಂದೇ ಥರ ಕಾಣುತ್ತವೆ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಇರುತ್ತಾರೆ. ಅವರನ್ನು ಬೇರೆ ಮಾಡುವುದೇ ಇನಿಷಿಯಲ್. ಇಲ್ಲಿ ಊಹೆ ಬೇಡ. ಹೆಸರಿನ ಪಕ್ಕ ಪ್ರಶ್ನೆ ಚಿಹ್ನೆ ಹಾಕಿ, ಫೋನ್ ಮಾಡಿ ಕೇಳಿ. ಅವರಿಗೇ ನೇರ ಮಾಡಿದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. "ಸಾರ್, ನಿಮ್ಮ ಹೆಸರು ವೇದಿಕೆ ಮೇಲೆ ಸರಿಯಾಗಿ ಹೇಳ್ಬೇಕು, ಅದಕ್ಕೆ ಕೇಳ್ತಿದ್ದೀನಿ" ಅಂದರೆ ಸಾಕು.

ಮಹಿಳಾ ಜನಪ್ರತಿನಿಧಿಗಳ ಹೆಸರಿನ ಮುಂದೆ "ಕೋಂ" ಎಂದು ಬರೆದು ಗಂಡನ ಹೆಸರು ಹಾಕಿರುತ್ತಾರೆ. ಪಂಚಾಯಿತಿ ಕಾಗದದಿಂದ ಹಾಗೇ ಎತ್ತಿಕೊಂಡು ಬಂದಿರುತ್ತದೆ. ಕಾಗದದಲ್ಲಿ ಅದಕ್ಕೆ ಕೆಲಸ ಇದೆ, ವೇದಿಕೆ ಮೇಲೆ ಇಲ್ಲ. ಅಧ್ಯಕ್ಷೆಯನ್ನು ಅವರ ಸ್ವಂತ ಹೆಸರಿನಿಂದ, ಅವರ ಹುದ್ದೆಯಿಂದ ಸ್ವಾಗತಿಸಿ. ಅವರ ಬದಲು ಗಂಡ ಬಂದು ಕೂತಿದ್ದರೆ ಅವರನ್ನು ಅಧ್ಯಕ್ಷರೆಂದು ಕರೆಯಬೇಡಿ. ಅವರು ಅತಿಥಿ, ಅಷ್ಟೇ. ಈ ವಿಷಯದಲ್ಲಿ ನಾನು ಪಟ್ಟು ಬಿಡುವುದಿಲ್ಲ. ಕೆಳಗೆ ಕೂತ ಹೆಣ್ಣುಮಕ್ಕಳು ಇದನ್ನು ಕೇಳಿಸಿಕೊಳ್ಳುತ್ತಿರುತ್ತಾರೆ.

ಲಕ್ಷಣ 2: ಪಟ್ಟಿಯ ಅಕ್ಷರ ಫೋನಿನಲ್ಲಿ ವಿಚಿತ್ರವಾಗಿ ಬರುತ್ತದೆ

ಫೋಟೊ ಬೇಡ, ಟೈಪ್ ಮಾಡಿದ್ದನ್ನೇ ಕಳಿಸಿ ಎಂದು ಪ್ರಿಂಟಿಂಗ್ ಅಂಗಡಿಯವರನ್ನು ಕೇಳಿದಿರಿ. "ಸ್ವಾಗತ" ಇರಬೇಕಾದ ಕಡೆ ಹೀಗೆ ಬಂತು:

```
¸ÁéUÀvÀ
```

ಫೈಲ್ ಕೆಟ್ಟಿಲ್ಲ. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ, ಯೂನಿಕೋಡ್‌ನಲ್ಲಿ ಅಲ್ಲ. ಆ ಫಾಂಟ್ ನಿಮ್ಮ ಫೋನಿನಲ್ಲಿ ಇಲ್ಲದ್ದರಿಂದ ಹೀಗೆ ಕಾಣುತ್ತದೆ. ಅದನ್ನು ಪಿಡಿಎಫ್ ಮಾಡಿ ಕಳಿಸಲು ಹೇಳಿ, ಅಷ್ಟರಲ್ಲಿ ಕೆಲಸ ಮುಗಿಯಿತು. ಹೆಸರುಗಳು ಎದ್ದು ಕಾಣುತ್ತವೆ, ದೊಡ್ಡದು ಮಾಡಿದರೂ ಕಲಸುವುದಿಲ್ಲ.

ಫೋಟೊದಿಂದ ಅಕ್ಷರ ಎತ್ತಿಕೊಡುವ ಆ್ಯಪ್ ಬಳಸಿದವರಿಗೂ ಒಂದು ಎಚ್ಚರಿಕೆ. ಬಾಗಿಸಿ ಬರೆದ ಅಲಂಕಾರದ ಅಕ್ಷರ, ಒತ್ತಕ್ಷರ, ದೀರ್ಘ ಇವುಗಳಲ್ಲಿ ಅವು ಎಡವುತ್ತವೆ. ಹುದ್ದೆ ಬರೆದುಕೊಳ್ಳಲು ಬಳಸಿ. ಹೆಸರಿಗೆ ನಂಬಬೇಡಿ.

ಲಕ್ಷಣ 3: ಹುದ್ದೆ ಯಾಕೋ ಹಳೆಯದು ಅನ್ನಿಸುತ್ತದೆ

ಹೋದ ವರ್ಷದ ಆಮಂತ್ರಣ ಪತ್ರಿಕೆಯನ್ನೇ ತೆಗೆದು ದಿನಾಂಕ ಬದಲಿಸುವುದು ಎಲ್ಲ ಕಡೆ ನಡೆಯುತ್ತದೆ. ದಿನಾಂಕ ಹೊಸದು, ಹುದ್ದೆ ಹಳೆಯದು. ಇದನ್ನು ಹಿಡಿಯಲು ಕೆಲವು ಗುರುತುಗಳಿವೆ.

ಪಟ್ಟಿಯಲ್ಲಿ "ತಾಲ್ಲೂಕು ಪಂಚಾಯಿತಿ ಸದಸ್ಯರು" ಅಥವಾ "ಜಿಲ್ಲಾ ಪಂಚಾಯಿತಿ ಸದಸ್ಯರು" ಎಂದು ಕಂಡರೆ ಅಲ್ಲೇ ನಿಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಹಲವು ವರ್ಷ ಚುನಾವಣೆಯೇ ನಡೆಯಲಿಲ್ಲ. ಆ ಅವಧಿಗೆ ಆಯ್ಕೆಯಾದವರು ಈಗ ಮಾಜಿ ಸದಸ್ಯರು. ಪಟ್ಟಿಯಲ್ಲಿ "ಮಾಜಿ" ಇಲ್ಲದಿದ್ದರೆ ಅದು ಹಳೆ ಪತ್ರಿಕೆಯಿಂದ ಬಂದಿದ್ದು ಎನ್ನುವ ಅನುಮಾನ ಗಟ್ಟಿ. ಹಾಗಾದರೆ ಉಳಿದ ಸಾಲುಗಳನ್ನೂ ಮತ್ತೆ ನೋಡಬೇಕು. ಗ್ರಾಮ ಪಂಚಾಯಿತಿ ಅಧ್ಯಕ್ಷರ ಅವಧಿ 30 ತಿಂಗಳು. ಹೋದ ವರ್ಷ ಇದ್ದವರು ಈ ವರ್ಷ ಇರಲೇಬೇಕಿಲ್ಲ. ಅಧಿಕಾರಿಗಳ ವರ್ಗಾವಣೆ ಇದಕ್ಕಿಂತ ಬೇಗ ಆಗುತ್ತದೆ. ಬಿಇಒ ಮತ್ತು ಪಿಡಿಒ ಈಗ ಯಾರು ಎಂದು ಸಿಆರ್‌ಪಿ ಅವರನ್ನು ಕೇಳಿದರೆ ಒಂದೇ ಕರೆಯಲ್ಲಿ ಎರಡೂ ಗೊತ್ತಾಗುತ್ತದೆ.

ಊರಿನ ವಿಳಾಸದಲ್ಲೂ ಹಳೆಯ ಪತ್ರಿಕೆ ಸಿಕ್ಕಿಬೀಳುತ್ತದೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಜಗಳೂರು ಅದಕ್ಕೂ ಮೊದಲು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹರಪನಹಳ್ಳಿಯಿಂದ ಬಂದ ಅತಿಥಿಯನ್ನು "ನಮ್ಮ ಜಿಲ್ಲೆಯವರೇ" ಎಂದು ಸ್ವಾಗತಿಸಿದರೆ ಹಿರಿಯರಿಗೆ ಖುಷಿಯಾಗಬಹುದು, ಮಾತು ಮಾತ್ರ ತಪ್ಪು.

ದಾವಣಗೆರೆ ನಗರದ ಸುತ್ತಲಿನ ಶಾಲೆಯವರು ಇನ್ನೊಂದು ನೋಡಬೇಕು. ಅಲ್ಲಿ ಉತ್ತರ ವಲಯ, ದಕ್ಷಿಣ ವಲಯ ಎಂದು ಎರಡು ಬಿಇಒ ಕಚೇರಿಗಳಿವೆ. ಪಟ್ಟಿಯಲ್ಲಿ ಅದನ್ನು "ಉ" ಅಥವಾ "ದ" ಎಂಬ ಒಂದೇ ಅಕ್ಷರದಲ್ಲಿ ಬರೆದಿರುತ್ತಾರೆ. ಆ ಅಕ್ಷರ ಸಾಲಿನ ತುದಿಯಲ್ಲಿ ಇರುವುದರಿಂದ ಫೋಟೊದಲ್ಲಿ ಮೊದಲು ಕತ್ತರಿಸಿ ಹೋಗುವುದೇ ಅದು.

ಲಕ್ಷಣ 4: ಬರೆದದ್ದನ್ನು ಓದಿದರೆ ಕ್ರಮ ಎಲ್ಲೋ ತಪ್ಪಿದ ಹಾಗಿದೆ

ಇದೇ ದೊಡ್ಡ ದೋಷ. ಜಾಸ್ತಿ ಮನಸ್ತಾಪ ಆಗುವುದೂ ಇದರಿಂದಲೇ.

ನಮ್ಮ ಉದಾಹರಣೆಯ ಪಟ್ಟಿಯನ್ನು ಮತ್ತೆ ನೋಡಿ. ಅಧ್ಯಕ್ಷತೆ ಕೊನೆಯಿಂದ ಎರಡನೇ ಸಾಲಿನಲ್ಲಿದೆ. ಯಾಕೆಂದರೆ ಅಧ್ಯಕ್ಷರ ಮಾತು ಎಲ್ಲರದ್ದೂ ಆದ ಮೇಲೆ ಬರುತ್ತದೆ. ಪಟ್ಟಿಯ ಕ್ರಮದಲ್ಲೇ ಸ್ವಾಗತಿಸಿದರೆ ಸಭೆಯ ಅಧ್ಯಕ್ಷರು ಸಿಆರ್‌ಪಿ ಅವರ ನಂತರ, ದಾನಿಗಳ ನಂತರ ಬರುತ್ತಾರೆ. ಪಟ್ಟಿ ಹೇಳುವುದು ಹೊತ್ತಿನ ಕ್ರಮ. ಸ್ವಾಗತಕ್ಕೆ ಬೇಕಾದ್ದು ವೇದಿಕೆಯ ಸ್ಥಾನದ ಕ್ರಮ. ಎರಡೂ ಒಂದೇ ಹಾಳೆಯಲ್ಲಿ ಇರುವುದಿಲ್ಲ, ನೀವೇ ಬರೆದುಕೊಳ್ಳಬೇಕು.

ಹೀಗೆ ಮಾಡಿ. ಒಂದು ಬಿಳಿ ಹಾಳೆ ತಗೊಳ್ಳಿ. ಫೋಟೊದಲ್ಲಿನ ಎಲ್ಲ ಸಾಲುಗಳನ್ನು ಮೂರು ಗುಂಪು ಮಾಡಿ.

ಒಂದನೇ ಗುಂಪು, ವೇದಿಕೆ ಮೇಲೆ ಕೂರುವ ಅತಿಥಿಗಳು. ಎರಡನೇ ಗುಂಪು, ಕೆಲಸ ಮಾಡುವ ಶಾಲೆಯವರು. ಅಂದರೆ ಸ್ವಾಗತ, ವರದಿ, ನಿರೂಪಣೆ, ವಂದನಾರ್ಪಣೆ ಮಾಡುವವರು. ಇವರು ಮನೆಯವರು. ಮನೆಯವರನ್ನು ಹೆಸರು ಹಿಡಿದು ಸ್ವಾಗತಿಸುವುದಿಲ್ಲ. ಹೊಸಬರು ಇಲ್ಲಿ ತಪ್ಪುತ್ತಾರೆ. ವಂದನಾರ್ಪಣೆ ಮಾಡುವ ಸಹೋದ್ಯೋಗಿಯನ್ನೂ "ಆದರದಿಂದ" ಸ್ವಾಗತಿಸಿಬಿಡುತ್ತಾರೆ. ಮೂರನೇ ಗುಂಪು, ಹೆಸರಿಲ್ಲದೆ ಒಟ್ಟಾಗಿ ಸ್ವಾಗತಿಸುವವರು. ಪೋಷಕರು, ಎಸ್‌ಡಿಎಂಸಿ ಸದಸ್ಯರು, ಊರಿನವರು, ಹಳೆಯ ವಿದ್ಯಾರ್ಥಿಗಳು, ಬಿಸಿಯೂಟದ ಅಡುಗೆಯವರು, ಮಕ್ಕಳು. ಈ ಗುಂಪು ಫೋಟೊದಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಪಟ್ಟಿ ನೋಡಿ ಬರೆದ ಭಾಷಣದಲ್ಲಿ ಇವರು ಬಿಟ್ಟುಹೋಗುತ್ತಾರೆ.

ಈಗ ಒಂದನೇ ಗುಂಪನ್ನು ಮಾತ್ರ ಸಾಲಾಗಿ ಜೋಡಿಸಿ. ನಮ್ಮ ಕಡೆ ರೂಢಿ ಹೀಗಿದೆ: ಸಾನ್ನಿಧ್ಯ ವಹಿಸಿದ ಸ್ವಾಮೀಜಿ ಮೊದಲು, ನಂತರ ಅಧ್ಯಕ್ಷತೆ, ನಂತರ ಉದ್ಘಾಟಕರು, ಆಮೇಲೆ ಮುಖ್ಯ ಅತಿಥಿಗಳು, ಆಮೇಲೆ ಉಳಿದವರು. ನಮ್ಮ ಪಟ್ಟಿ ಆಗ ಹೀಗಾಗುತ್ತದೆ: ಸ್ವಾಮೀಜಿ, ಎಸ್‌ಡಿಎಂಸಿ ಅಧ್ಯಕ್ಷರು, ಬಿಇಒ, ಗ್ರಾಮ ಪಂಚಾಯಿತಿ ಅಧ್ಯಕ್ಷೆ, ಪಿಡಿಒ, ಸಿಆರ್‌ಪಿ, ಹಳೆಯ ವಿದ್ಯಾರ್ಥಿ, ದಾನಿ, ಮುಖ್ಯ ಶಿಕ್ಷಕರು. ಒಟ್ಟು 9 ಜನ. ಮುಖ್ಯ ಶಿಕ್ಷಕರು ಮನೆಯವರೇ, ಆದರೂ ವೇದಿಕೆಯಲ್ಲಿ ಕೂತಿರುವುದರಿಂದ ಕೊನೆಯಲ್ಲಿ ಒಂದು ಮಾತು ಬರಬೇಕು.

ಕ್ರಮ ಸರಿಯಾಯಿತಾ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ವೇದಿಕೆಯಲ್ಲಿ ಕುರ್ಚಿ ಹಾಕುವವರನ್ನು ಕೇಳಿ, ನಡುವಿನ ಕುರ್ಚಿ ಯಾರಿಗೆ, ಅದರ ಎಡಬಲ ಯಾರಿಗೆ ಎಂದು. ನಿಮ್ಮ ಹಾಳೆಯ ಮೊದಲ ಮೂವರು ಮತ್ತು ನಡುವಿನ ಮೂರು ಕುರ್ಚಿ ಹೊಂದಬೇಕು. ಹೊಂದದಿದ್ದರೆ ನಿಮ್ಮಿಬ್ಬರಲ್ಲಿ ಒಬ್ಬರ ಬಳಿ ತಪ್ಪು ಮಾಹಿತಿ ಇದೆ.

ಸ್ವಾಮೀಜಿಯವರ ವಿಷಯದಲ್ಲಿ ಮಾತಿನ ರೀತಿಯೂ ಬೇರೆ. "ಸ್ವಾಗತ ಕೋರುತ್ತೇನೆ" ಎಂದು ಬೇರೆಯವರಿಗೆ ಹೇಳಿದ ಹಾಗೆ ಹೇಳಿದರೆ ಭಕ್ತರಿಗೆ ಸರಿ ಕಾಣುವುದಿಲ್ಲ. "ಪರಮಪೂಜ್ಯರಿಗೆ ಭಕ್ತಿಯಿಂದ ನಮಿಸಿ ಬರಮಾಡಿಕೊಳ್ಳುತ್ತೇನೆ" ಎನ್ನುವುದು ರೂಢಿ. ಪೀಠದ ಪೂರ್ತಿ ಹೆಸರು ಫೋಟೊದಲ್ಲಿ ಚಿಕ್ಕಕ್ಷರದಲ್ಲಿ ಇರುತ್ತದೆ. ಅದನ್ನು ಮಠಕ್ಕೆ ಹೋಗಿಬರುವ ಯಾರಾದರೂ ಊರಿನ ಹಿರಿಯರಿಗೆ ತೋರಿಸಿ ಓದಿಸಿಕೊಳ್ಳಿ.

ಪಟ್ಟಿಯಲ್ಲಿ ಶಾಸಕರೋ ಸಂಸದರೋ ಇದ್ದರೆ ಇಲ್ಲಿಗೇ ನಿಲ್ಲಿಸಿ. ಸರ್ಕಾರಿ ಶಾಲೆಯ ಕಾರ್ಯಕ್ರಮಕ್ಕೆ ಶಿಷ್ಟಾಚಾರದ ಪ್ರಶ್ನೆ ಬರುತ್ತದೆ. ಅಧ್ಯಕ್ಷತೆ ಯಾರದ್ದು, ಯಾರ ಹೆಸರು ಮುಂದೆ ಎನ್ನುವುದನ್ನು ಸಹ ಶಿಕ್ಷಕರು ತೀರ್ಮಾನ ಮಾಡಬಾರದು. ಮುಖ್ಯ ಶಿಕ್ಷಕರು ಬಿಇಒ ಕಚೇರಿಯನ್ನು ಕೇಳಿ ಕ್ರಮ ಬರೆಸಿಕೊಡಲಿ. ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂದಿದ್ದರಂತೂ ಜನಪ್ರತಿನಿಧಿಗಳನ್ನು ಕರೆಯಬಹುದಾ ಎನ್ನುವುದೇ ಮೊದಲ ಪ್ರಶ್ನೆ. ಪಟ್ಟಿ ಅದಕ್ಕೆ ಮೊದಲೇ ಪ್ರಿಂಟ್ ಆಗಿದ್ದರೆ ಫೋಟೊ ನಂಬಿ ಬರೆಯಬೇಡಿ. ಇದಕ್ಕೆ ಬಾಯಿ ಮಾತಿನ ಉತ್ತರ ಸಾಲದು.

ಲಕ್ಷಣ 5: ಓದಿ ನೋಡಿದರೆ ಮುಗಿಯುತ್ತಲೇ ಇಲ್ಲ

ಫೋನಿನಲ್ಲಿ ಗಡಿಯಾರ ಹಚ್ಚಿ ಜೋರಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಲೆಕ್ಕ ತಪ್ಪುತ್ತದೆ. 9 ಜನ ಇದ್ದಾಗ ಮೂರು ನಿಮಿಷ ಸಾಕು. ಒಬ್ಬರಿಗೆ ಹತ್ತು ಸೆಕೆಂಡ್ ಅಂದರೆ ಒಂದೂವರೆ ನಿಮಿಷ. ಆರಂಭಕ್ಕೆ ಮತ್ತು ಒಟ್ಟು ಸ್ವಾಗತಕ್ಕೆ ಉಳಿದದ್ದು. ಐದು ನಿಮಿಷ ದಾಟಿತು ಅಂದರೆ ಮೂರರಲ್ಲಿ ಒಂದು ಕಾರಣ ಇರುತ್ತದೆ.

ಮೊದಲನೆಯದು ಆರಂಭ. ಚಿತ್ರದುರ್ಗದಲ್ಲಾದರೆ ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಒನಕೆ ಓಬವ್ವ. ದಾವಣಗೆರೆಯಲ್ಲಾದರೆ ಸೂಳೆಕೆರೆ, ಬೆಣ್ಣೆದೋಸೆ. ಇವೆಲ್ಲ ಬರುವಷ್ಟರಲ್ಲಿ ಎರಡು ನಿಮಿಷ ಹೋಗಿರುತ್ತದೆ, ಶಾಲೆಯ ಹೆಸರು ಇನ್ನೂ ಬಂದಿರುವುದಿಲ್ಲ. ಕೋಟೆಯ ಕೆಳಗಿನ ಶಾಲೆಗೆ ಕೋಟೆಯ ಮಾತು ಒಪ್ಪುತ್ತದೆ. ಜಗಳೂರಿನ ಹಳ್ಳಿಗೆ ಅದು ಎರವಲು. ಅದರ ಬದಲು ಆ ಶಾಲೆ ಎಂದು ಶುರುವಾಯಿತು, ಈಗ ಎಷ್ಟು ಮಕ್ಕಳಿದ್ದಾರೆ, ಇಷ್ಟು ಹೇಳಿ. ಎರಡೂ ದಾಖಲಾತಿ ಪುಸ್ತಕದಲ್ಲಿ ಸಿಗುತ್ತದೆ. ಕೇಳುವವರಿಗೆ ಅದು ತಮ್ಮ ಊರಿನ ಮಾತು.

ಎರಡನೆಯದು, ಬೇರೆಯವರ ಕೆಲಸ ನೀವು ಮಾಡಿರುವುದು. ಪಟ್ಟಿಯಲ್ಲಿ ನಿಮ್ಮ ಕೆಳಗಿನ ಸಾಲು ನೋಡಿ. ಪ್ರಾಸ್ತಾವಿಕ ನುಡಿ ಮುಖ್ಯ ಶಿಕ್ಷಕರದ್ದು. ವಾರ್ಷಿಕ ವರದಿ ಇನ್ನೊಬ್ಬರದ್ದು. ಫಲಿತಾಂಶ, ಆಟೋಟದ ಬಹುಮಾನ, ಹೊಸ ಕೊಠಡಿ ಇವೆಲ್ಲ ಅವರ ಪಾಲು. ನಿಮ್ಮ ಭಾಷಣದಲ್ಲಿ ಇವು ಬಂದಿದ್ದರೆ ಗೆರೆ ಹೊಡೆಯಿರಿ. ಅತಿಥಿಗಳಿಗೆ ಧನ್ಯವಾದ ಹೇಳುವುದೂ ನಿಮ್ಮದಲ್ಲ, ಅದು ವಂದನಾರ್ಪಣೆಯವರದ್ದು. ಪಟ್ಟಿಯಲ್ಲಿ ಪ್ರಾಸ್ತಾವಿಕ ನುಡಿ ಇಲ್ಲದೇ ಇದ್ದರೆ ಮಾತ್ರ ಕಾರ್ಯಕ್ರಮದ ಬಗ್ಗೆ ನೀವು ನಾಲ್ಕು ಮಾತು ಸೇರಿಸಬಹುದು.

ಮೂರನೆಯದು ಹಾರ, ಶಾಲು, ಹೂಗುಚ್ಛ. ಪ್ರತಿ ಹೆಸರಿಗೂ ಒಬ್ಬ ಮಗು ಬಂದು ಕೊಡುವುದಾದರೆ ಒಬ್ಬರಿಗೆ ಇನ್ನೂ 20 ಸೆಕೆಂಡ್. 9 ಜನರಿಗೆ ಅದೇ ಮೂರು ನಿಮಿಷ. ನಿಮ್ಮ ಭಾಷಣ ಸರಿಯಾಗಿಯೇ ಇರುತ್ತದೆ, ನಡುನಡುವೆ ಕಾಯುವುದರಿಂದ ಉದ್ದ ಆಗುತ್ತದೆ. ಮಕ್ಕಳನ್ನು ಮೊದಲೇ ಸಾಲಾಗಿ ನಿಲ್ಲಿಸಿ, ನೀವು ಎಲ್ಲರ ಹೆಸರು ಮುಗಿಸಿದ ಮೇಲೆ ಒಟ್ಟಿಗೆ ಕಳಿಸಲು ನಿರೂಪಕರಿಗೆ ಹೇಳಿ. ಅಂದಹಾಗೆ, ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ ತುರಾಯಿ ಬೇಡ, ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ರಾಜ್ಯ ಸರ್ಕಾರ 2021ರಲ್ಲಿ ಹೇಳಿತ್ತು. ಪುಸ್ತಕ ಕೊಟ್ಟರೆ ಹೊತ್ತೂ ಉಳಿಯುತ್ತದೆ.

ಇದನ್ನೆಲ್ಲ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ವೇದಿಕೆಯಲ್ಲಿ ಕಳೆದ ಹೊತ್ತು ಮಕ್ಕಳ ಕುಣಿತದಿಂದ ಕಡಿತವಾಗುತ್ತದೆ. ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಎಂಬ ನಿಯಮ ಇದೆ. ಸಂಜೆ 6ಕ್ಕೆ ಶುರುವಾಗಬೇಕಾದ ಸಭೆ 7ಕ್ಕೆ ಶುರುವಾಗಿ, ಸ್ವಾಗತವೇ ಎಳೆದರೆ, ಕೊನೆಯಲ್ಲಿ ಬಣ್ಣ ಹಚ್ಚಿಕೊಂಡು ಕಾಯುತ್ತಿದ್ದ ಮೂರನೇ ತರಗತಿಯ ಮಕ್ಕಳ ಹಾಡು ಬಿಟ್ಟುಹೋಗುತ್ತದೆ.

ಲಕ್ಷಣ 6: ಎಲ್ಲರಿಗೂ ಒಂದೇ ಮಾತು ಬರುತ್ತಿದೆ

"ಆತ್ಮೀಯವಾಗಿ ಸ್ವಾಗತ, ಹೃತ್ಪೂರ್ವಕ ಸ್ವಾಗತ, ತುಂಬುಹೃದಯದ ಸ್ವಾಗತ." ಹೆಸರು ಬದಲಾದರೂ ಮಾತು ಅದೇ. ಫೋಟೊದಲ್ಲಿ ಹೆಸರು ಮತ್ತು ಹುದ್ದೆ ಮಾತ್ರ ಇರುವುದರಿಂದ ಹೀಗಾಗುತ್ತದೆ. ವಿಶೇಷಣ ಬದಲಿಸಿದರೆ ಸರಿಹೋಗುವುದಿಲ್ಲ. ಅವರಿಗೂ ಈ ಶಾಲೆಗೂ ಏನು ಸಂಬಂಧ ಎಂಬ ಒಂದು ನಿಜವಾದ ಸಂಗತಿ ಬೇಕು. ಪ್ರತಿಯೊಬ್ಬರಿಗೂ ಬೇಕಿಲ್ಲ, ಮೂರ್ನಾಲ್ಕು ಜನರಿಗೆ ಸಿಕ್ಕರೆ ಸಾಕು. ಮುಖ್ಯ ಶಿಕ್ಷಕರ ಹತ್ತಿರ ಐದು ನಿಮಿಷ ಕೂತು ಕೇಳಿ.

ನಮ್ಮ ಉದಾಹರಣೆಯ ಭಾಷಣ ಆಗ ಈ ರೀತಿ ನಿಲ್ಲುತ್ತದೆ. ಚುಕ್ಕಿ ಇರುವ ಕಡೆ ಖಚಿತ ಮಾಡಿಕೊಂಡ ಹೆಸರು ಅಥವಾ ಸಂಖ್ಯೆ ತುಂಬಬೇಕು.

"ಎಲ್ಲರಿಗೂ ನಮಸ್ಕಾರ. ……ರಲ್ಲಿ ಶುರುವಾದ ನಮ್ಮ ಶಾಲೆಯಲ್ಲಿ ಇವತ್ತು …… ಮಕ್ಕಳು ಓದುತ್ತಿದ್ದಾರೆ. ಈ ಸಂಜೆ ಅವರದು. ಅವರ ಪರವಾಗಿ, ನಮ್ಮ ಶಾಲೆಯ ಪರವಾಗಿ ನಾನು ಮಾತಾಡುತ್ತಿದ್ದೇನೆ.

ದಿವ್ಯ ಸಾನ್ನಿಧ್ಯ ವಹಿಸಿರುವ ಪರಮಪೂಜ್ಯ …… ಅವರಿಗೆ ಭಕ್ತಿಯಿಂದ ನಮಿಸಿ ಬರಮಾಡಿಕೊಳ್ಳುತ್ತೇನೆ. ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ಎಸ್‌ಡಿಎಂಸಿ ಅಧ್ಯಕ್ಷರಾದ ಶ್ರೀ …… ಅವರು ಈ ಶಾಲೆಯ ಕಾಂಪೌಂಡ್ ಕೆಲಸಕ್ಕೆ ಮುಂದೆ ನಿಂತವರು. ಅವರಿಗೆ ಸ್ವಾಗತ. ಕಾರ್ಯಕ್ರಮ ಉದ್ಘಾಟಿಸಲು ಬಂದಿರುವ ಕ್ಷೇತ್ರ ಶಿಕ್ಷಣಾಧಿಕಾರಿಗಳಾದ ಶ್ರೀ …… ಅವರಿಗೆ ಆದರದ ಸ್ವಾಗತ. ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರಾದ ಶ್ರೀಮತಿ …… ಅವರಿಗೆ, ಅಭಿವೃದ್ಧಿ ಅಧಿಕಾರಿಗಳಾದ ಶ್ರೀ …… ಅವರಿಗೆ, ನಮ್ಮ ಸಿಆರ್‌ಪಿ ಶ್ರೀ …… ಅವರಿಗೆ ಸ್ವಾಗತ. ಇದೇ ಶಾಲೆಯ ಬೆಂಚಿನ ಮೇಲೆ ಕೂತು ಓದಿದ ಶ್ರೀ …… ಇವತ್ತು ಅತಿಥಿಯಾಗಿ ಬಂದಿದ್ದಾರೆ. ಅವರಿಗೆ ಸ್ವಾಗತ ಹೇಳಲು ನಮಗೆ ಹೆಮ್ಮೆ. ಬಹುಮಾನದ ಪುಸ್ತಕಗಳನ್ನು ಕೊಡಿಸಿದ ಶ್ರೀ …… ಅವರಿಗೆ, ವೇದಿಕೆಯಲ್ಲಿರುವ ನಮ್ಮ ಮುಖ್ಯ ಶಿಕ್ಷಕರಿಗೆ ಸ್ವಾಗತ.

ಕೆಲಸ ಬಿಟ್ಟು ಬಂದು ಕೂತಿರುವ ತಂದೆ ತಾಯಂದಿರಿಗೆ, ಅಜ್ಜ ಅಜ್ಜಿಯರಿಗೆ, ಎಸ್‌ಡಿಎಂಸಿಯ ಎಲ್ಲ ಸದಸ್ಯರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ದಿನವೂ ನಮ್ಮ ಮಕ್ಕಳಿಗೆ ಉಣಬಡಿಸುವ ಅಡುಗೆಯ ಅಮ್ಮಂದಿರಿಗೆ, ಪರದೆ ಹಿಂದೆ ಕಾಯುತ್ತಿರುವ ಮಕ್ಕಳಿಗೆ ಸ್ವಾಗತ."

ಕಾಂಪೌಂಡ್, ಪುಸ್ತಕ ಇವು ಉದಾಹರಣೆಗೆ ಹಾಕಿದ್ದು. ನಿಮ್ಮ ಶಾಲೆಯಲ್ಲಿ ನಡೆದದ್ದನ್ನೇ ಹಾಕಿ. ಕೊಟ್ಟ ಹಣದ ಮೊತ್ತ ಹೇಳಬೇಡಿ. ಕಡಿಮೆ ಕೊಟ್ಟವರು ಕೆಳಗೆ ಕೂತಿರುತ್ತಾರೆ. ಜಾತಿ, ಪಕ್ಷ ಸೂಚಿಸುವ ಮಾತು ಎಲ್ಲೂ ನುಸುಳಬಾರದು.

ಲಕ್ಷಣ 7: ವೇದಿಕೆ ನೋಡಿದರೆ ಪಟ್ಟಿಗೂ ಅದಕ್ಕೂ ಹೊಂದಿಕೆ ಇಲ್ಲ

ಬಿಇಒ ಬಂದಿಲ್ಲ, ಅವರ ಬದಲು ಇಸಿಒ ಬಂದಿದ್ದಾರೆ. ಪಟ್ಟಿಯಲ್ಲಿಲ್ಲದ ಮಾಜಿ ಸದಸ್ಯರೊಬ್ಬರು ಮೊದಲ ಸಾಲಿನಲ್ಲಿ ಕೂತಿದ್ದಾರೆ. ಇದನ್ನು ಹಿಂದಿನ ರಾತ್ರಿ ಸರಿಮಾಡಲು ಆಗುವುದಿಲ್ಲ, ತಯಾರಿ ಮಾತ್ರ ಸಾಧ್ಯ. ಒಬ್ಬೊಬ್ಬರ ಸಾಲನ್ನು ಬೇರೆ ಬೇರೆ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆಯಿರಿ. ಮೂರು ಖಾಲಿ ಚೀಟಿ ಇಟ್ಟುಕೊಳ್ಳಿ. ನಾಡಗೀತೆ ಶುರುವಾಗುವ ಮೊದಲು ವೇದಿಕೆಯ ಎಡದಿಂದ ಬಲಕ್ಕೆ ಕೂತವರನ್ನು ನೋಡಿ, ಬಾರದವರ ಚೀಟಿ ತೆಗೆಯಿರಿ, ಹೊಸಬರ ಹೆಸರು ಬರೆಸಿಕೊಳ್ಳಿ. ನಾಡಗೀತೆ ಎರಡೂವರೆ ನಿಮಿಷ. ಆ ಹೊತ್ತಿನಲ್ಲಿ ನೇರ ನಿಂತಿರಬೇಕು, ಚೀಟಿ ಜೋಡಿಸುವುದು ಆಗಬಾರದು.

ಬಾರದವರ ಹೆಸರನ್ನು ಸ್ವಾಗತದಲ್ಲಿ ಹೇಳಬೇಡಿ. "ಅವರು ಬರಬೇಕಿತ್ತು" ಎಂಬ ಮಾತೂ ಬೇಡ. ದಾರಿಯಲ್ಲಿದ್ದಾರೆ ಎಂದು ತಿಳಿದರೆ ಆ ಚೀಟಿ ನಿರೂಪಕರಿಗೆ ಕೊಡಿ, ಬಂದಾಗ ಅವರೇ ಸ್ವಾಗತಿಸಲಿ. ಇಸಿಒ ಬಂದಿದ್ದರೆ ಅವರನ್ನು ಅವರದ್ದೇ ಹುದ್ದೆಯಿಂದ ಕರೆಯಿರಿ. ಉದ್ಘಾಟನೆ ಈಗ ಯಾರು ಮಾಡುತ್ತಾರೆ ಎನ್ನುವುದನ್ನು ಮುಖ್ಯ ಶಿಕ್ಷಕರು ಹೇಳಬೇಕು. ಅವರು ಹೇಳುವವರೆಗೆ "ಉದ್ಘಾಟಕರು" ಎಂಬ ಪದ ಯಾರಿಗೂ ಹಚ್ಚಬೇಡಿ. ಹೆಸರು ಗೊತ್ತಾಗದ ಒಬ್ಬರು ಉಳಿದೇಬಿಟ್ಟರೆ "ವೇದಿಕೆಯಲ್ಲಿರುವ ಎಲ್ಲ ಗಣ್ಯರಿಗೂ" ಎಂದು ಸೇರಿಸಿ. ತಪ್ಪು ಹೆಸರು ಹೇಳುವುದಕ್ಕಿಂತ ಇದು ಎಷ್ಟೋ ವಾಸಿ.

ಮೈಕ್ ಸ್ಟ್ಯಾಂಡ್ ಮುಟ್ಟಿದಾಗ ಕೈ ಜುಮ್ಮೆಂದರೆ ತಕ್ಷಣ ಕೈ ಬಿಡಿ. ಅರ್ಥಿಂಗ್ ದೋಷ ಇರಬಹುದು. ಒದ್ದೆ ನೆಲ, ಬರಿಗಾಲು ಇದ್ದರೆ ಅಪಾಯ ಜಾಸ್ತಿ. ಸೌಂಡ್ ಸಿಸ್ಟಂನವರು ಕರೆಂಟ್ ತೆಗೆದು ನೋಡುವವರೆಗೆ ಮಕ್ಕಳನ್ನೂ ಹತ್ತಿರ ಬಿಡಬೇಡಿ. ಅಷ್ಟು ಹೊತ್ತು ಸಭೆ ಕಾಯಲಿ.

ಕಾರ್ಯಕ್ರಮ ಮುಗಿದ ಮೇಲೆ ಆ ಫೋಟೊ ಊರೆಲ್ಲ ಹಂಚಬೇಡಿ. ಅದರಲ್ಲಿ ಅತಿಥಿಗಳ ಫೋನ್ ನಂಬರ್ ಇರಬಹುದು, ಕೆಲವು ಸಲ ಬಹುಮಾನ ಪಡೆಯುವ ಮಕ್ಕಳ ಹೆಸರು, ತರಗತಿಯೂ ಇರುತ್ತದೆ. ಖಚಿತ ಮಾಡಿಕೊಂಡ ಹೆಸರು, ಹುದ್ದೆ ಇರುವ ಚೀಟಿಗಳನ್ನು ಶಾಲೆಯ ಫೈಲಿನಲ್ಲಿ ದಿನಾಂಕ ಬರೆದು ಇಡಿ. ಮುಂದಿನ ವರ್ಷ ಪಟ್ಟಿ ಟೈಪ್ ಮಾಡಿಸುವವರಿಗೆ ಅವು ಬೇಕಾಗುತ್ತವೆ.